ಔಷಧಿ ನಡೆಯುತ್ತಿರುವಾಗಲೇ ತಲೆನೋವು ಯಾಕೆ ಮರಳಿತು? ಮಿದುಳು ಪೊರೆಯ ಟಿಬಿ ಬಗ್ಗೆ ಒಂದು ಉತ್ತರ

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 27 ವರ್ಷ, ತೂಕ 50 ಕೆ.ಜಿ. ವಿರಾಜಪೇಟೆ ಹತ್ತಿರದ ಕಾಫಿ ತೋಟದಲ್ಲಿ ರೈಟರ್. ಮೂರು ವಾರ ಜ್ವರ, ತಲೆನೋವು ಅಂತ ಮಾತ್ರೆ ನುಂಗಿಕೊಂಡೇ ಕೆಲಸಕ್ಕೆ ಹೋಗ್ತಿದ್ದ. ಆಮೇಲೆ ಎಲ್ಲವೂ ಎರಡೆರಡಾಗಿ ಕಾಣೋಕೆ ಶುರುವಾಯ್ತು, ಮಾತು ಎಡವಟ್ಟಾಯ್ತು. ಮಡಿಕೇರಿಯಲ್ಲಿ ಸೇರಿಸಿದ್ವಿ. ಬೆನ್ನಿನ ನೀರಿನ ರಿಪೋರ್ಟ್‌ನಲ್ಲಿ ಸೆಲ್ 210, ಅದರಲ್ಲಿ ಲಿಂಫೋಸೈಟ್ 80%, ಪ್ರೋಟೀನ್ 186, ಸಕ್ಕರೆ 28, ಅದೇ ಹೊತ್ತಿಗೆ ರಕ್ತದ ಸಕ್ಕರೆ 112, ಎಡಿಎ 14 ಅಂತಿದೆ. ಸಿಬಿನ್ಯಾಟ್ ಅನ್ನೋ ಟಿಬಿ ಕ್ರಿಮಿ ಹುಡುಕೋ ಪರೀಕ್ಷೆಯಲ್ಲಿ ಟಿಬಿ ಸಿಗಲಿಲ್ಲ. ಎಚ್ಐವಿ ಇಲ್ಲ. ಆದ್ರೂ ಟಿಬಿ ಮಾತ್ರೆ, ಸ್ಟೀರಾಯ್ಡ್ ಶುರು ಮಾಡಿದ್ರು. ನಾಲ್ಕು ವಾರಕ್ಕೆ ಚೆನ್ನಾಗಾಗಿ ಮನೆಗೆ ಬಂದ. ಈಗ ಐದನೇ ವಾರ. ಮೂರು ದಿನದಿಂದ ಬೆಳಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ, ಸುಮ್ನೆ ಮಲಗೇ ಇರ್ತಾನೆ. ಸ್ಕ್ಯಾನ್ ಮಾಡಿ ಮಿದುಳಲ್ಲಿ ನೀರು ತುಂಬಿದೆ, ಆ ನೀರು ಇಳಿಸೋ ಷಂಟ್ ಕೊಳವೆ ಹಾಕಿಸೋಕೆ ಮೈಸೂರಿಗೆ ಹೋಗಿ ಅಂದಿದ್ದಾರೆ. ಕ್ರಿಮಿಯೇ ಸಿಗದಿದ್ದ ಮೇಲೆ ಇದು ಟಿಬಿ ಹೌದಾ? ಔಷಧಿ ಕೆಲಸ ಮಾಡ್ಲಿಲ್ವಾ? ಸ್ಟೀರಾಯ್ಡ್‌ನಿಂದ ಹೀಗಾಯ್ತಾ?

ಉತ್ತರ: ಮೊದಲು ಪ್ರಯಾಣದ ಮಾತು. ಮೈಸೂರಿಗೆ ಇವತ್ತೇ ಹೊರಡಿ. ನನ್ನ ಉತ್ತರವನ್ನು ದಾರಿಯಲ್ಲಿ ಓದಿದರೂ ಸಾಕು. ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾರಿಯಲ್ಲಿ ಹೋಗುವುದಾದರೆ ಕಾರಿಗಿಂತ ಆಂಬ್ಯುಲೆನ್ಸ್ ಒಳ್ಳೆಯದು. ತಮ್ಮನನ್ನು ಪೂರ್ತಿ ಅಂಗಾತ ಮಲಗಿಸಬೇಡಿ. ತಲೆ ಮತ್ತು ಎದೆಯ ಭಾಗ ಸ್ವಲ್ಪ ಎತ್ತರದಲ್ಲಿರಲಿ, ಕುತ್ತಿಗೆ ಒಂದು ಕಡೆಗೆ ವಾಲದಿರಲಿ. ಮಂಪರಿನಲ್ಲಿದ್ದರೆ ಬಾಯಿಗೆ ನೀರು, ಗಂಜಿ ಏನೂ ಹಾಕಬೇಡಿ. ಹಳೆಯ ಸ್ಕ್ಯಾನ್ ಫಿಲ್ಮ್, ಹೊಸ ಸ್ಕ್ಯಾನ್ ಫಿಲ್ಮ್, ಬೆನ್ನಿನ ನೀರಿನ ರಿಪೋರ್ಟ್, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಎರಡೂ ಸ್ಕ್ಯಾನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೇ ನೀರು ಎಷ್ಟು ಬೇಗ ಏರಿದೆ ಅಂತ ಗೊತ್ತಾಗುವುದು. ಟಿಬಿ ಮಾತ್ರೆಯನ್ನಾಗಲಿ ಸ್ಟೀರಾಯ್ಡ್ ಅನ್ನಾಗಲಿ ನೀವಾಗಿಯೇ ನಿಲ್ಲಿಸಬೇಡಿ.

ಈಗ ಮೊದಲ ಪ್ರಶ್ನೆ, ಇದು ಟಿಬಿ ಹೌದಾ ಅನ್ನುವುದು. ನೀವು ಬರೆದಿರುವ ಕಥೆ ಮತ್ತು ಅಂಕಿಗಳನ್ನು ನೋಡಿದರೆ ನಾನೂ ಅದೇ ಔಷಧಿ ಶುರು ಮಾಡುತ್ತಿದ್ದೆ, ಅದೂ ಸಿಬಿನ್ಯಾಟ್ ರಿಪೋರ್ಟ್‌ಗೆ ಕಾಯದೆ. ಯಾಕೆ ಅಂತ ಹೇಳುತ್ತೇನೆ.

ಟಿಬಿ ಕ್ರಿಮಿ ಮಿದುಳಿನ ಪೊರೆಗೆ ಒಂದೇ ದಿನದಲ್ಲಿ ದಾಳಿ ಮಾಡುವುದಿಲ್ಲ. ಶ್ವಾಸಕೋಶಕ್ಕೆ ಯಾವಾಗಲೋ ಹೊಕ್ಕ ಕ್ರಿಮಿ ರಕ್ತದಲ್ಲಿ ತೇಲಿ ಬಂದು ಮಿದುಳಿನ ಮೇಲ್ಪದರದಲ್ಲಿ ಸಣ್ಣ ಗಂಟಾಗಿ ಕೂತಿರುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಒಂದು ದಿನ ಆ ಗಂಟು ಒಡೆದು ಪೊರೆಗಳ ನಡುವಿನ ನೀರಿಗೆ ಸೋರುತ್ತದೆ. 1933ರಲ್ಲಿ ರಿಚ್ ಮತ್ತು ಮೆಕಾರ್ಡಕ್ ಎಂಬ ಇಬ್ಬರು ವೈದ್ಯರು ಇದನ್ನು ತೋರಿಸಿಕೊಟ್ಟರು. ಸೋರಿದ ಮೇಲೂ ಕಾಯಿಲೆ ನಿಧಾನವಾಗಿಯೇ ಏರುತ್ತದೆ. ಮೊದಲ ಎರಡು ಮೂರು ವಾರ ಸಂಜೆ ಹೊತ್ತಿಗೆ ಸಣ್ಣ ಜ್ವರ, ತಲೆಭಾರ, ಊಟ ಸೇರದಿರುವುದು, ಕೆಲಸದಲ್ಲಿ ಮನಸ್ಸಿಲ್ಲದಿರುವುದು, ಅಷ್ಟೇ. ಕುತ್ತಿಗೆ ಬಿಗಿಯುವುದು ಆಗ ಇರಲೇಬೇಕು ಅಂತೇನಿಲ್ಲ. ಕೊಡಗಿನಲ್ಲಿ ಮಳೆಗಾಲದಲ್ಲಿ ಇಂಥ ಜ್ವರ ಯಾರಿಗೆ ಬರುವುದಿಲ್ಲ ಹೇಳಿ? ಟೈಫಾಯ್ಡ್ ಅಂತ ಒಂದು ಕೋರ್ಸ್, ಡೆಂಗಿ ಅಂತ ಒಂದು ರಕ್ತಪರೀಕ್ಷೆ, ಅಷ್ಟರಲ್ಲಿ ಮೂರು ವಾರ ಕಳೆದುಹೋಗಿರುತ್ತದೆ. ಕಾಫಿ ಕೊಯ್ಲಿನ ಸಮಯವಾದರೆ ರಜೆ ಹಾಕುವ ಮನಸ್ಸೂ ಬರುವುದಿಲ್ಲ. ನಿಮ್ಮ ತಮ್ಮ ತಪ್ಪು ಮಾಡಿದ ಅಂತ ಹೇಳುತ್ತಿಲ್ಲ. ಈ ಕಾಯಿಲೆಯ ಸ್ವಭಾವವೇ ಅದು.

ಎರಡನೇ ಹಂತದಲ್ಲಿ ಮುಖವಾಡ ಕಳಚುತ್ತದೆ. ನಿಮ್ಮ ತಮ್ಮನಿಗೆ ಎರಡೆರಡಾಗಿ ಕಂಡಿತಲ್ಲ, ಅದು ಬಹಳ ಮುಖ್ಯವಾದ ಗುರುತು. ಮಿದುಳಿನ ಬುಡದಲ್ಲಿ ಕೀವಲ್ಲದ, ಅಂಟಂಟಾದ, ದಪ್ಪನೆಯ ಒಂದು ಸ್ರಾವ ಶೇಖರವಾಗುತ್ತದೆ. ಕಣ್ಣು, ಮುಖಕ್ಕೆ ಹೋಗುವ ನರಗಳೆಲ್ಲ ಅಲ್ಲೇ ಹಾದುಹೋಗುತ್ತವೆ. ಕಣ್ಣನ್ನು ಹೊರಗಡೆಗೆ ತಿರುಗಿಸುವ ಆರನೇ ನರ ಅದರಲ್ಲಿ ಸಿಕ್ಕಿಕೊಳ್ಳುವುದು ಜಾಸ್ತಿ. ರೋಗಿಗೆ ಮುಖ ಅಲ್ಲಾಡಿಸದೆ ಬೆರಳನ್ನೇ ನೋಡು ಅಂತ ಹೇಳಿ, ಬೆರಳನ್ನು ನಿಧಾನವಾಗಿ ಬಲಕ್ಕೆ ಒಯ್ದರೆ ಬಲಗಣ್ಣು ಅರ್ಧದಲ್ಲೇ ನಿಲ್ಲುತ್ತದೆ. ಹೊರಮೂಲೆಯ ಬಿಳಿ ಮರೆಯಾಗುವುದೇ ಇಲ್ಲ. ವಾರಗಟ್ಟಲೆ ಜ್ವರ, ತಲೆನೋವು ಇದ್ದವನಲ್ಲಿ ಇದನ್ನು ಕಂಡರೆ ಬೆನ್ನಿನ ನೀರು ತೆಗೆಯುವ ಮಾತನ್ನು ಅವತ್ತೇ ಎತ್ತಬೇಕು. ಮಾತು ಎಡವಟ್ಟಾಗಿದ್ದು, ಗಲಿಬಿಲಿಯಾಗಿದ್ದು ಇನ್ನೊಂದು ಗುರುತು. ವೈದ್ಯರು ಇದನ್ನು ಎರಡನೇ ದರ್ಜೆ ಅನ್ನುತ್ತಾರೆ. ಪೂರ್ತಿ ಎಚ್ಚರವಿದ್ದು ನರದ ತೊಂದರೆ ಏನೂ ಇಲ್ಲದಿದ್ದರೆ ಒಂದನೇ ದರ್ಜೆ. ಕರೆದರೂ ಸರಿಯಾಗಿ ಏಳದಷ್ಟು ಪ್ರಜ್ಞೆ ಕುಸಿದಿದ್ದರೆ ಮೂರನೇ ದರ್ಜೆ. ಔಷಧಿ ಯಾವ ದರ್ಜೆಯಲ್ಲಿ ಶುರುವಾಯಿತು ಅನ್ನುವುದರ ಮೇಲೆ ಮುಂದಿನ ಫಲ ಬಹುಪಾಲು ನಿಂತಿದೆ.

ಈಗ ಬೆನ್ನಿನ ನೀರಿಗೆ ಬರೋಣ. ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡುವ ರಿಪೋರ್ಟ್ ಇದೇ. ಸೂಜಿಯಿಂದ ಹನಿಹನಿಯಾಗಿ ಬೀಳುವ ನೀರನ್ನು ಟ್ಯೂಬಿನಲ್ಲಿ ಹಿಡಿದು ಬೆಳಕಿಗೆ ಎತ್ತಿದರೆ ಅದು ಸಾಮಾನ್ಯವಾಗಿ ತಿಳಿಯಾಗಿಯೇ ಇರುತ್ತದೆ, ಹೆಚ್ಚೆಂದರೆ ಚೂರು ಮಸುಕು. ಸಾಮಾನ್ಯ ಬ್ಯಾಕ್ಟೀರಿಯಾದ ಮಿದುಳು ಪೊರೆಯ ಸೋಂಕಿನಲ್ಲಿ ನೀರು ಕದಡಿಕೊಂಡು ಬರುತ್ತದೆ, ಅಷ್ಟೊಂದು ಕೀವುಕಣ ಇರುತ್ತವೆ. ಟಿಬಿಯ ನೀರನ್ನು ಅಲ್ಲಾಡಿಸದೆ ಒಂದು ರಾತ್ರಿ ಇಟ್ಟರೆ ಕೆಲವೊಮ್ಮೆ ಒಳಗೆ ಜೇಡರ ಬಲೆಯಂಥ ತೆಳ್ಳನೆಯ ಪೊರೆ ಕಟ್ಟುತ್ತದೆ. ಪ್ರೋಟೀನ್ ಜಾಸ್ತಿಯಾಗಿ ಹೆಪ್ಪುಗಟ್ಟುವುದರಿಂದ ಹಾಗಾಗುತ್ತದೆ. ಸೂಜಿ ಹಾಕಿದಾಗಲೇ ಒತ್ತಡ ಅಳೆದಿದ್ದರೆ ಅದೂ ಹೆಚ್ಚಿರುತ್ತದೆ.

ನಿಮ್ಮ ತಮ್ಮನ ಅಂಕಿಗಳನ್ನು ಒಂದೊಂದಾಗಿ ಓದೋಣ. ಸೆಲ್ ಅಂದರೆ ಬಿಳಿ ರಕ್ತಕಣ. ಆರೋಗ್ಯವಂತ ವಯಸ್ಕರ ಬೆನ್ನಿನ ನೀರಿನಲ್ಲಿ ಅವು 5ಕ್ಕಿಂತ ಜಾಸ್ತಿ ಇರಬಾರದು. ಇಲ್ಲಿ 210 ಇದೆ. ಟಿಬಿಯಲ್ಲಿ ಸಾಮಾನ್ಯವಾಗಿ 50ರಿಂದ 500ರ ಒಳಗೆ ಇರುತ್ತದೆ. ಬ್ಯಾಕ್ಟೀರಿಯಾ ಸೋಂಕಾದರೆ ಸಾವಿರಗಟ್ಟಲೆ ಏರುತ್ತದೆ, ಅದೂ ಬಹುತೇಕ ನ್ಯೂಟ್ರೋಫಿಲ್ ಎಂಬ ಬೇರೆ ಜಾತಿಯ ಕಣ. ಇಲ್ಲಿ 80% ಲಿಂಫೋಸೈಟ್. ನಿಧಾನ ಸೋಂಕಿನ ಲಕ್ಷಣ ಅದು. ಆದರೆ ಒಂದು ಎಚ್ಚರಿಕೆ. ತೀರಾ ಶುರುವಿನಲ್ಲಿ ನೀರು ತೆಗೆದರೆ ಟಿಬಿಯಲ್ಲೂ ನ್ಯೂಟ್ರೋಫಿಲ್ ಜಾಸ್ತಿ ಕಾಣಬಹುದು. ಹಾಗೆ ಕಂಡ ಮಾತ್ರಕ್ಕೆ ಟಿಬಿ ಅಲ್ಲ ಅನ್ನುವಂತಿಲ್ಲ. ಕೆಲವು ದಿನ ಬಿಟ್ಟು ಮತ್ತೆ ತೆಗೆದರೆ ಚಿತ್ರ ಲಿಂಫೋಸೈಟ್ ಕಡೆಗೆ ವಾಲಿರುತ್ತದೆ.

ಪ್ರೋಟೀನ್ 45ರ ಆಸುಪಾಸಿನ ಒಳಗಿರಬೇಕು, 186 ಇದೆ. ಇದು ಬುಡದ ಆ ಸ್ರಾವದ ಕಥೆ ಹೇಳುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಸಕ್ಕರೆ. ಬೆನ್ನಿನ ನೀರಿನ ಸಕ್ಕರೆ ರಕ್ತದ ಸಕ್ಕರೆಯ ಅರ್ಧಕ್ಕಿಂತ ಮೇಲೆ, ಸುಮಾರು ಮೂರರಲ್ಲಿ ಎರಡು ಪಾಲು ಇರಬೇಕು. ರಕ್ತದಲ್ಲಿ 112 ಇದ್ದಾಗ ಅಲ್ಲಿ 70ರ ಹತ್ತಿರ ಇರಬೇಕಿತ್ತು. ಇರುವುದು 28, ಅಂದರೆ ಸರಿಯಾಗಿ ಕಾಲು ಪಾಲು. ವೈರಸ್ ಸೋಂಕಿನಲ್ಲಿ ಲಿಂಫೋಸೈಟ್ ಏರಿದರೂ ಸಕ್ಕರೆ ಸಾಮಾನ್ಯವಾಗಿ ಹೀಗೆ ಬೀಳುವುದಿಲ್ಲ. ಗಿಡಗಂಟಿಯ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಕೂಡ ಮಿದುಳು ಪೊರೆಗೆ ಬಂದು ಇಂಥದೇ ಕಣಗಳನ್ನು ತೋರಿಸುತ್ತದೆ. ತೋಟದಲ್ಲಿ ಓಡಾಡುವವರಲ್ಲಿ ಅದನ್ನು ಮರೆಯಬಾರದು. ಆದರೆ ಅದರಲ್ಲೂ ಸಕ್ಕರೆ ಇಷ್ಟು ಇಳಿಯುವುದು ಅಪರೂಪ, ಮತ್ತು ಅದು ವಾರಗಟ್ಟಲೆ ಹೀಗೆ ಎಳೆಯುವುದಿಲ್ಲ. ರಕ್ತದ ಸಕ್ಕರೆಯನ್ನು ಅದೇ ಹೊತ್ತಿಗೆ ನೋಡಿದ ನಿಮ್ಮ ವೈದ್ಯರನ್ನು ಮೆಚ್ಚಬೇಕು. ಆ ಒಂದು ಅಂಕಿ ಇಲ್ಲದಿದ್ದರೆ, ಅದರಲ್ಲೂ ಡಯಾಬಿಟಿಸ್ ಇರುವವರಲ್ಲಿ, 28 ಅನ್ನುವುದನ್ನಾಗಲಿ 60 ಅನ್ನುವುದನ್ನಾಗಲಿ ಓದುವುದೇ ಕಷ್ಟ.

ಎಡಿಎ ಅನ್ನುವುದು ಉರಿಯೂತದಲ್ಲಿ ಏರುವ ಒಂದು ಕಿಣ್ವ, ಅದು 14 ಇರುವುದು ಪೂರಕ ಸಾಕ್ಷಿ. 10ಕ್ಕಿಂತ ಜಾಸ್ತಿ ಇದ್ದರೆ ಟಿಬಿಯ ಕಡೆಗೆ ತೂಕ ಬೀಳುತ್ತದೆ. ಅದೊಂದನ್ನೇ ನಂಬಿ ತೀರ್ಮಾನ ಮಾಡುವಂತಿಲ್ಲ, ಬೇರೆ ಸೋಂಕುಗಳಲ್ಲೂ ಏರಬಹುದು. ಗೊಂದಲ ಹುಟ್ಟಿಸುವುದು ಅರೆಬರೆ ಚಿಕಿತ್ಸೆಯಾದ ಬ್ಯಾಕ್ಟೀರಿಯಾ ಸೋಂಕು. ಮೆಡಿಕಲ್ ಶಾಪಿನಿಂದ ಎರಡು ದಿನದ ಆಂಟಿಬಯಾಟಿಕ್ ತಿಂದು ಬಂದವರ ಬೆನ್ನಿನ ನೀರು ಕೆಲವೊಮ್ಮೆ ಟಿಬಿಯಂತೆಯೇ ಕಾಣುತ್ತದೆ. ಹಾಗಾಗಿ ಮೊದಲ ಕೆಲವು ದಿನ ವೈದ್ಯರು ಆಂಟಿಬಯಾಟಿಕ್ ಇಂಜೆಕ್ಷನ್ ಅನ್ನೂ ಜೊತೆಗೆ ಕೊಟ್ಟಿದ್ದರೆ ಅದು ಸರಿಯೇ.

ಹಾಗಾದರೆ ಕ್ರಿಮಿ ಯಾಕೆ ಸಿಗಲಿಲ್ಲ? ಕ್ರಿಮಿಗಳು ಹೆಚ್ಚಾಗಿ ಮಿದುಳಿನ ಬುಡದ ಸ್ರಾವದಲ್ಲಿ ಅಂಟಿಕೊಂಡಿರುತ್ತವೆ. ಸೊಂಟದ ಹತ್ತಿರ ಸೂಜಿಗೆ ಬರುವ ನೀರಿನಲ್ಲಿ ತೇಲುತ್ತಿರುವವು ಬಹಳ ಕಡಿಮೆ. ಸ್ಲೈಡಿನ ಮೇಲೆ ಬಣ್ಣ ಹಾಕಿ ನೋಡುವ ಪರೀಕ್ಷೆಯಲ್ಲಿ ಹೆಚ್ಚಿನವರಿಗೆ ಸಿಗುವುದೇ ಇಲ್ಲ. ಸಿಬಿನ್ಯಾಟ್ ಅದಕ್ಕಿಂತ ಎಷ್ಟೋ ಮೇಲು. ವಿಶ್ವ ಆರೋಗ್ಯ ಸಂಸ್ಥೆ 2013ರಿಂದ ಬೆನ್ನಿನ ನೀರಿಗೆ ಅದನ್ನೇ ಮೊದಲ ಪರೀಕ್ಷೆಯಾಗಿ ಮಾಡಲು ಹೇಳಿದೆ. ಅದರಲ್ಲಿ ಟಿಬಿ ಸಿಕ್ಕಿದರೆ ನಂಬಬಹುದು. ಸಿಗದಿದ್ದರೆ ಟಿಬಿ ಇಲ್ಲ ಅಂತ ಅರ್ಥವಲ್ಲ. ತೆಗೆದ ನೀರಿನ ಪ್ರಮಾಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಟಿಬಿ ಹುಡುಕಲಿಕ್ಕೇ ಕನಿಷ್ಠ 6 ಎಂ.ಎಲ್., ಸಾಧ್ಯವಾದರೆ 8ರಿಂದ 10 ಎಂ.ಎಲ್. ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ತಳದಲ್ಲಿ ಕೂತದ್ದನ್ನು ಪರೀಕ್ಷೆಗೆ ಹಾಕಿದರೆ ಸಿಗುವ ಸಂಭವ ಹೆಚ್ಚುತ್ತದೆ. ಒಂದೆರಡು ಎಂ.ಎಲ್. ನೀರನ್ನೇ ನಾಲ್ಕು ಪರೀಕ್ಷೆಗೆ ಹಂಚಿದರೆ ಸಿಗದಿರುವುದು ಸಹಜ. ಜಾಸ್ತಿ ನೀರು ತೆಗೆದರೆ ಮಿದುಳು ಒಣಗುತ್ತದೆ ಅಂತ ಮನೆಯವರು ಹೆದರುತ್ತಾರೆ. ದೊಡ್ಡವರ ಮಿದುಳು ದಿನಕ್ಕೆ ಸುಮಾರು 500 ಎಂ.ಎಲ್. ಹೊಸ ನೀರನ್ನು ತಯಾರಿಸುತ್ತದೆ. 10 ಎಂ.ಎಲ್. ತುಂಬಲು ಅರ್ಧ ಗಂಟೆ ಸಾಕು.

ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ಅದೇ ನೀರನ್ನು ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸಿದ್ದಾರಾ? ಕಳಿಸಿದ್ದರೆ ರಿಪೋರ್ಟ್ ಬರಲು ಆರು ವಾರದವರೆಗೆ ಆಗಬಹುದು, ಅಂದರೆ ಈ ದಿನಗಳಲ್ಲೇ. ಕ್ರಿಮಿ ಬೆಳೆದಿದ್ದರೆ ಯಾವ ಔಷಧಿಗೆ ಜಗ್ಗುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಅಂತ ಗೊತ್ತಾಗುತ್ತದೆ. ಸಿಬಿನ್ಯಾಟ್‌ನಲ್ಲಿ ಏನೂ ಸಿಗದ ನಿಮ್ಮ ತಮ್ಮನಂಥವರಿಗೆ ಆ ಮಾಹಿತಿ ಸಿಗುವ ದಾರಿ ಅದೊಂದೇ. ಷಂಟ್ ಹಾಕುವಾಗಲೂ ಮಿದುಳಿನೊಳಗಿನ ನೀರು ಕೈಗೆ ಸಿಗುತ್ತದೆ, ಅದನ್ನೂ ಪರೀಕ್ಷೆಗೆ ಕಳಿಸಲು ಕೇಳಿ.

ಸ್ಟೀರಾಯ್ಡ್ ವಿಷಯ. ಅದು ಕ್ರಿಮಿಯನ್ನು ಕೊಲ್ಲುವುದಿಲ್ಲ. ಟಿಬಿ ಮಾತ್ರೆ ಇಲ್ಲದೆ ಸ್ಟೀರಾಯ್ಡ್ ಮಾತ್ರ ಕೊಟ್ಟರೆ ಎರಡು ದಿನ ಜ್ವರ, ತಲೆನೋವು ಇಳಿದು ಆಮೇಲೆ ಕಾಯಿಲೆ ಕೈಮೀರುತ್ತದೆ. ಅದು ಮಾಡುವ ಕೆಲಸವೇ ಬೇರೆ. ಈ ಕಾಯಿಲೆಯಲ್ಲಿ ಹಾನಿ ಮಾಡುವುದು ಕ್ರಿಮಿಗಿಂತ ಹೆಚ್ಚಾಗಿ ಅದರ ವಿರುದ್ಧ ನಮ್ಮದೇ ದೇಹ ಎಬ್ಬಿಸುವ ಉರಿಯೂತ. ಬುಡದ ಸ್ರಾವ ದಪ್ಪವಾಗುವುದು, ಅದರಲ್ಲಿ ಹಾದುಹೋಗುವ ರಕ್ತನಾಳ ಊದಿ ಕಟ್ಟಿಕೊಂಡು ಲಕ್ವ ಹೊಡೆಯುವುದು, ನೀರಿನ ದಾರಿ ಮುಚ್ಚುವುದು ಎಲ್ಲವೂ ಅದರಿಂದಲೇ. ಔಷಧಿ ಶುರುವಾಗಿ ಕ್ರಿಮಿ ಸಾಯತೊಡಗಿದಾಗ ಸತ್ತ ಕ್ರಿಮಿಯ ಚೂರುಗಳಿಂದ ಈ ಉರಿಯೂತ ಕೆಲವೊಮ್ಮೆ ಇನ್ನೂ ಕೆರಳುತ್ತದೆ. ಸ್ಟೀರಾಯ್ಡ್ ಅದನ್ನು ತಗ್ಗಿಸುತ್ತದೆ.

ಇದು ಬರೀ ಊಹೆಯಲ್ಲ. 2004ರಲ್ಲಿ ಪ್ರಕಟವಾದ, ವಿಯೆಟ್ನಾಮಿನ 545 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಎಲ್ಲರಿಗೂ ಟಿಬಿ ಔಷಧಿ ಕೊಟ್ಟರು. ಅರ್ಧದಷ್ಟು ಜನರಿಗೆ ಜೊತೆಯಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಉಳಿದವರಿಗೆ ಅದರಂತೆಯೇ ಕಾಣುವ ಖಾಲಿ ಮದ್ದು. ಒಂಬತ್ತು ತಿಂಗಳಲ್ಲಿ ಸತ್ತವರು ಸ್ಟೀರಾಯ್ಡ್ ಪಡೆದವರಲ್ಲಿ 31.8%, ಪಡೆಯದವರಲ್ಲಿ 41.3%. ಹತ್ತು ಮಂದಿಯಲ್ಲಿ ಸುಮಾರು ಒಬ್ಬರ ಜೀವ ಹೆಚ್ಚಿಗೆ ಉಳಿಯಿತು. ಆದರೆ ಬದುಕಿ ಉಳಿದವರ ಕೈಕಾಲಿನ ದೌರ್ಬಲ್ಯ, ಅಂಗವೈಕಲ್ಯ ಅದರಿಂದ ಕಡಿಮೆಯಾದದ್ದು ಕಾಣಲಿಲ್ಲ. ಎರಡೂ ಸತ್ಯವನ್ನು ನಿಮಗೆ ಹೇಳಬೇಕು. ಎಚ್ಐವಿ ಇರುವವರಲ್ಲಿ ಮಾತ್ರ ಈ ಲಾಭ ಖಾತ್ರಿಯಿಲ್ಲ. 2023ರಲ್ಲಿ ವಿಯೆಟ್ನಾಂ ಮತ್ತು ಇಂಡೋನೇಷ್ಯಾದಿಂದ ಬಂದ ಪ್ರಯೋಗದಲ್ಲಿ ಅವರಿಗೆ ಸ್ಪಷ್ಟ ಪ್ರಯೋಜನ ಸಿಗಲಿಲ್ಲ. ನಿಮ್ಮ ತಮ್ಮನಿಗೆ ಎಚ್ಐವಿ ಇಲ್ಲ, ಎರಡನೇ ದರ್ಜೆಯಲ್ಲಿ ಬಂದಿದ್ದಾನೆ. ಅವನಿಗೆ ಸ್ಟೀರಾಯ್ಡ್ ಬೇಕೇ ಬೇಕಿತ್ತು.

2004ರ ಆ ಪ್ರಯೋಗದ ಲೆಕ್ಕದಲ್ಲೇ ಎರಡನೇ ದರ್ಜೆಯವರಿಗೆ ಮೊದಲ ವಾರ ಡೆಕ್ಸಾಮೆಥಾಸೋನ್ ದಿನಕ್ಕೆ ಪ್ರತಿ ಕೆ.ಜಿ.ಗೆ 0.4 ಮಿಲಿಗ್ರಾಂ. 50 ಕೆ.ಜಿ.ಗೆ ದಿನಕ್ಕೆ 20 ಮಿಲಿಗ್ರಾಂ, ರಕ್ತನಾಳಕ್ಕೆ ಇಂಜೆಕ್ಷನ್ ಮೂಲಕ. ಎರಡನೇ ವಾರ 15, ಮೂರನೇ ವಾರ 10, ನಾಲ್ಕನೇ ವಾರ 5. ಅಲ್ಲಿಂದ ಮಾತ್ರೆ. ಐದನೇ ವಾರ 4 ಮಿಲಿಗ್ರಾಂ, ಆಮೇಲೆ ವಾರಕ್ಕೊಂದು ಮಿಲಿಗ್ರಾಂ ಇಳಿಸುತ್ತಾ ಎಂಟನೇ ವಾರಕ್ಕೆ ಮುಗಿತಾಯ. ನಿಮ್ಮ ತಮ್ಮನ ಚೀಟಿ ನೋಡಿ, ಹೆಚ್ಚುಕಡಿಮೆ ಇದೇ ಇರಬಹುದು. ಇನ್ನೊಂದು ಸೂಕ್ಷ್ಮ ಇದೆ. ಟಿಬಿ ಮಾತ್ರೆಯೊಳಗಿನ ರಿಫಾಂಪಿಸಿನ್ ಲಿವರನ್ನು ಚುರುಕುಗೊಳಿಸಿ ಸ್ಟೀರಾಯ್ಡ್ ಬೇಗ ಕರಗುವಂತೆ ಮಾಡುತ್ತದೆ. ಚೀಟಿಯಲ್ಲಿ ಬರೆದಷ್ಟು ಬಲ ರಕ್ತದಲ್ಲಿ ಇರುವುದಿಲ್ಲ. ಹೀಗೆ ಒಂದು ಕಡೆ ಪ್ರಮಾಣ ಇಳಿಯುತ್ತಾ ಹೋದಾಗ, ಐದಾರನೇ ವಾರದಲ್ಲಿ ಕೆಲವರಿಗೆ ತಲೆನೋವು, ಜ್ವರ ಮರಳುತ್ತದೆ. ಅದು ಸ್ಟೀರಾಯ್ಡ್ ಮಾಡಿದ ಹಾನಿ ಅಲ್ಲ. ಅದು ಅದುಮಿಟ್ಟಿದ್ದ ಉರಿಯೂತ ಮತ್ತೆ ತಲೆಯೆತ್ತಿದ್ದು. ಅಂಥವರಿಗೆ ಹಿಂದಿನ ಪ್ರಮಾಣಕ್ಕೆ ಏರಿಸಿ, ಮತ್ತೆ ಇನ್ನೂ ನಿಧಾನವಾಗಿ ಇಳಿಸುತ್ತಾರೆ.

ಆದರೆ ನಿಮ್ಮ ತಮ್ಮನ ಸ್ಕ್ಯಾನ್‌ನಲ್ಲಿ ನೀರು ಕಂಡಿದೆ. ಈಗ ಮುಖ್ಯ ವಿಷಯ ಅದೇ. ಮಿದುಳಿನ ಮಧ್ಯದಲ್ಲಿ ನಾಲ್ಕು ಕೋಣೆಗಳಿವೆ. ನೀರು ಅಲ್ಲಿ ತಯಾರಾಗಿ, ಕಿರಿದಾದ ದಾರಿಗಳಲ್ಲಿ ಇಳಿದು, ಮಿದುಳಿನ ಬುಡಕ್ಕೆ ಬಂದು, ಸುತ್ತ ಹರಡಿ, ಕೊನೆಗೆ ಮೇಲೆ ರಕ್ತಕ್ಕೆ ಸೇರುತ್ತದೆ. ಯಾವ ಹೊತ್ತಿನಲ್ಲೂ ಒಳಗಿರುವುದು ಸುಮಾರು 150 ಎಂ.ಎಲ್. ದಿನಕ್ಕೆ ತಯಾರಾಗುವುದು 500. ಮಳೆಗಾಲದಲ್ಲಿ ತೋಟದ ಮೋರಿಗೆ ಎಲೆ, ಕೆಸರು ಕಟ್ಟಿಕೊಂಡರೆ ಮೇಲಿನ ಮಳೆ ನಿಲ್ಲುವುದಿಲ್ಲ, ನೀರು ಹಿಂದಕ್ಕೆ ಏರುತ್ತದೆ ಅಲ್ವಾ, ಇಲ್ಲೂ ಹಾಗೆಯೇ. ಹೆಚ್ಚಿನವರಲ್ಲಿ ದಾರಿ ಕಟ್ಟುವುದು ಕೋಣೆಗಳ ಹೊರಗೆ, ಬುಡದ ಸ್ರಾವದಲ್ಲಿ. ಕೆಲವರಲ್ಲಿ ಕೋಣೆಗಳ ನಡುವಿನ ಕಿರುದಾರಿಯಲ್ಲೇ ಕಟ್ಟುತ್ತದೆ. ಔಷಧಿ ಕೆಲಸ ಮಾಡುತ್ತಿದ್ದರೂ, ಕ್ರಿಮಿ ಸಾಯುತ್ತಿದ್ದರೂ, ಗಟ್ಟಿಯಾದ ಸ್ರಾವ ದಾರಿ ಬಿಡುವುದಿಲ್ಲ. ಹಾಗಾಗಿ ಐದನೇ ವಾರದಲ್ಲಿ ನೀರು ತುಂಬಿದೆ ಅಂದ ಮಾತ್ರಕ್ಕೆ ಟಿಬಿ ಔಷಧಿ ಸೋತಿತು ಅಂತ ತಿಳಿಯಬೇಡಿ.

ನೀವು ಬರೆದ ಮೂರು ಲಕ್ಷಣಗಳೂ ಒತ್ತಡದ್ದೇ. ರಾತ್ರಿಯೆಲ್ಲ ಮಲಗಿದ್ದಾಗ ತಲೆಯೊಳಗಿನ ಒತ್ತಡ ಏರುತ್ತದೆ, ಅದಕ್ಕೇ ಬೆಳಗ್ಗೆ ಎದ್ದ ಕೂಡಲೇ ನೋವು. ವಾಂತಿ ಆದ ಮೇಲೆ ಕೆಲವರಿಗೆ ಸ್ವಲ್ಪ ಹಗುರ ಅನಿಸುತ್ತದೆ. ಸುಮ್ನೆ ಮಲಗಿರುವುದು ಸುಸ್ತಲ್ಲ, ಪ್ರಜ್ಞೆ ಮಸುಕಾಗುತ್ತಿರುವುದು. ಇದಕ್ಕೇ ನಾನು ಇವತ್ತೇ ಹೊರಡಿ ಅಂದದ್ದು. ಟಿಬಿ ಮಾತ್ರೆಯಿಂದ ಲಿವರಿಗೆ ಪೆಟ್ಟಾದರೂ ವಾಂತಿ ಆಗುತ್ತದೆ. ಆದರೆ ಅದರಲ್ಲಿ ಊಟ ಕಂಡರೆ ಓಕರಿಕೆ, ದಿನವಿಡೀ ಹೊಟ್ಟೆ ತೊಳಸುವುದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು ಇರುತ್ತದೆ. ಬರೀ ಕಿತ್ತಳೆ ಬಣ್ಣದ ಮೂತ್ರ ರಿಫಾಂಪಿಸಿನ್‌ನಿಂದ, ಅದಕ್ಕೆ ಹೆದರಬೇಕಿಲ್ಲ. ಲಿವರ್ ಪರೀಕ್ಷೆ ಒಮ್ಮೆ ಮಾಡಿಸಿದರೆ ಅನುಮಾನ ಪರಿಹಾರ.

ಜೊತೆಗೆ ಸೋಡಿಯಂ. ಇದನ್ನು ಎಷ್ಟು ಹೇಳಿದರೂ ಸಾಲದು. ಮಿದುಳು ಪೊರೆಯ ಟಿಬಿಯಲ್ಲಿ ರಕ್ತದ ಉಪ್ಪಿನಂಶ ಇಳಿಯುವುದು ಬಹಳ ಸಾಮಾನ್ಯ. ಇಳಿದರೆ ಮಂಪರು, ವಾಂತಿ, ಫಿಟ್ಸ್. ನೋಡಲು ನೀರು ತುಂಬಿದಂತೆಯೇ. ಎರಡೂ ಒಟ್ಟಿಗೆ ಇರುವುದೂ ಉಂಟು. ಹಾಗಾಗಿ ಹೊರಡುವ ಮುಂಚೆ ಅಥವಾ ಮುಟ್ಟಿದ ಕೂಡಲೇ ಸೋಡಿಯಂ ನೋಡಿಸಿ. ದಾರಿಯಲ್ಲಿ ಯಾರಾದರೂ ಶಕ್ತಿ ಬರಲಿ ಅಂತ ಸಾದಾ ಗ್ಲೂಕೋಸ್ ಬಾಟ್ಲಿ ಏರಿಸಲು ಹೊರಟರೆ ಬೇಡ ಅನ್ನಿ. ಅದು ಸೋಡಿಯಂ ಅನ್ನೂ ಇಳಿಸುತ್ತದೆ, ಮಿದುಳಿನ ಊತವನ್ನೂ ಏರಿಸುತ್ತದೆ.

ನೀರು ತುಂಬಿದ ಎಲ್ಲರಿಗೂ ಷಂಟ್ ಬೇಕಾಗುವುದಿಲ್ಲ. ನಾಲ್ಕೂ ಕೋಣೆ ಒಂದೇ ರೀತಿ ಹಿಗ್ಗಿದ್ದು, ರೋಗಿ ಚೆನ್ನಾಗಿ ಎಚ್ಚರವಾಗಿದ್ದರೆ ನೀರು ತಯಾರಾಗುವುದನ್ನು ತಗ್ಗಿಸುವ ಅಸೆಟಜೋಲಮೈಡ್ ಮಾತ್ರೆ ಕೊಟ್ಟು, ಅಗತ್ಯವಿದ್ದರೆ ಬೆನ್ನಿನಿಂದ ಮತ್ತೆ ಮತ್ತೆ ನೀರು ತೆಗೆದು, ಕಣ್ಣಲ್ಲಿ ಕಣ್ಣಿಟ್ಟು ಕಾಯುವುದುಂಟು. ಆದರೆ ಮೇಲಿನ ಮೂರು ಕೋಣೆ ಹಿಗ್ಗಿ ನಾಲ್ಕನೆಯದು ಚಿಕ್ಕದಾಗಿಯೇ ಇದ್ದರೆ ಕಿರುದಾರಿ ಮುಚ್ಚಿದೆ ಅಂತ ಅನುಮಾನ. ಆಗ ಬೆನ್ನಿನಿಂದ ನೀರು ತೆಗೆಯುವುದು ಅಪಾಯ, ಕೆಳಗೆ ಒತ್ತಡ ಇಳಿದು ಮಿದುಳು ಕೆಳಕ್ಕೆ ಜಾರಬಹುದು. ಪ್ರಜ್ಞೆ ಮಸುಕಾಗುತ್ತಿರುವವರಲ್ಲಿ ದಾರಿ ಎಲ್ಲೇ ಕಟ್ಟಿರಲಿ, ಮಾತ್ರೆ ಕೊಟ್ಟು ಕಾಯುವ ಕಾಲ ಮುಗಿದಿರುತ್ತದೆ. ಇದನ್ನು ಅಳೆಯಲು ವೆಲ್ಲೂರಿನ ನರಶಸ್ತ್ರವೈದ್ಯರು 1991ರಲ್ಲಿ ನಾಲ್ಕು ಮೆಟ್ಟಿಲಿನ ಒಂದು ದರ್ಜೆಪಟ್ಟಿ ಪ್ರಕಟಿಸಿದರು, ಇಂದಿಗೂ ಅದು ಬಳಕೆಯಲ್ಲಿದೆ. ಬರೀ ತಲೆನೋವು, ವಾಂತಿ ಇದ್ದು ಎಚ್ಚರ ಪೂರ್ತಿ ಇದ್ದರೆ ಒಂದು. ಎಚ್ಚರವಿದ್ದು ನರದ ತೊಂದರೆ ಇದ್ದರೆ ಎರಡು. ಎಚ್ಚರ ಮಸುಕಾಗಿದ್ದರೆ ಮೂರು. ಪೂರ್ತಿ ಕೋಮಾ ಆದರೆ ನಾಲ್ಕು. ಮೊದಲ ಎರಡರಲ್ಲಿ ಷಂಟ್ ಹಾಕಿದವರು ಸಾಮಾನ್ಯವಾಗಿ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ನಾಲ್ಕರಲ್ಲಿ ಹಾಕಿದರೂ ಹೆಚ್ಚಿನವರು ಉಳಿಯುವುದಿಲ್ಲ. ನಿಮ್ಮ ತಮ್ಮ ಮೂರನೇ ಮೆಟ್ಟಿಲಿಗೆ ಕಾಲಿಡುತ್ತಿರುವಂತೆ ನಿಮ್ಮ ಪತ್ರದಿಂದ ಕಾಣುತ್ತದೆ. ಮಡಿಕೇರಿಯ ವೈದ್ಯರು ಮೈಸೂರಿಗೆ ಕಳಿಸಿದ್ದು ಸರಿಯಾದ ಹೊತ್ತಿನಲ್ಲೇ.

ಷಂಟ್ ಅಂದರೆ ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಕೋಣೆಯೊಳಗೆ ತೆಳ್ಳನೆಯ ಕೊಳವೆ ಇಟ್ಟು, ಕಿವಿಯ ಹಿಂದೆ ಒಂದು ಕವಾಟ ಕೂರಿಸಿ, ಅಲ್ಲಿಂದ ಚರ್ಮದ ಕೆಳಗೇ ಕುತ್ತಿಗೆ, ಎದೆ ದಾಟಿಸಿ ಹೊಟ್ಟೆಯೊಳಗೆ ಬಿಡುವುದು. ಹೊರಗೆ ಏನೂ ನೇತಾಡುವುದಿಲ್ಲ. ಹೆಚ್ಚಾದ ನೀರು ಹೊಟ್ಟೆಯೊಳಗೆ ಇಂಗಿಹೋಗುತ್ತದೆ. ಸ್ಥಿತಿ ತೀರಾ ಕೆಟ್ಟಿದ್ದರೆ ಕೆಲವು ಶಸ್ತ್ರವೈದ್ಯರು ಮೊದಲು ತಲೆಯಿಂದ ನೇರ ಹೊರಗಿನ ಚೀಲಕ್ಕೆ ನೀರು ಇಳಿಸಿ, ಒಂದೆರಡು ದಿನ ರೋಗಿ ಎಷ್ಟು ಏಳುತ್ತಾನೆ ನೋಡಿ ಆಮೇಲೆ ಷಂಟ್ ಹಾಕುತ್ತಾರೆ. ಷಂಟ್ ನೀರಿನ ಒತ್ತಡವನ್ನು ಮಾತ್ರ ಸರಿಮಾಡುತ್ತದೆ. ಈಗಾಗಲೇ ರಕ್ತನಾಳ ಕಟ್ಟಿ ಲಕ್ವ ಆಗಿದ್ದರೆ ಅದು ಇದರಿಂದ ವಾಪಸ್ ಬರುವುದಿಲ್ಲ. ಹಾಗಾಗಿ ಹೊಸ ಸ್ಕ್ಯಾನ್‌ನಲ್ಲಿ ಮಿದುಳಿನ ಒಳಭಾಗದಲ್ಲಿ ಹೊಸ ಕಪ್ಪು ಕಲೆ, ಅಂದರೆ ರಕ್ತ ಸಿಗದೆ ಸತ್ತ ಜಾಗ ಇದೆಯಾ, ಟಿಬಿ ಗಂಟು ಬೆಳೆದಿದೆಯಾ ಅಂತ ವೈದ್ಯರನ್ನು ಕೇಳಿ.

ಷಂಟ್ ಆದ ಮೇಲೂ ಟಿಬಿ ಮಾತ್ರೆ ಒಟ್ಟು ಒಂಬತ್ತರಿಂದ ಹನ್ನೆರಡು ತಿಂಗಳು ನಡೆಯಬೇಕು. ಶ್ವಾಸಕೋಶದ ಟಿಬಿಗೆ ಆರು ತಿಂಗಳು ಅಂತ ಕೇಳಿ, ಅಷ್ಟಕ್ಕೇ ನಿಲ್ಲಿಸುವವರಿದ್ದಾರೆ. ಮಿದುಳಿಗೆ ಅದು ಸಾಲದು, ಯಾಕೆಂದರೆ ರಿಫಾಂಪಿಸಿನ್, ಎಥಾಂಬ್ಯುಟಾಲ್ ಎರಡೂ ಮಿದುಳಿನ ನೀರಿಗೆ ಕಡಿಮೆಯೇ ಇಳಿಯುತ್ತವೆ. ಐಸೋನಿಯಾಜಿಡ್, ಪೈರಾಜಿನಮೈಡ್ ಚೆನ್ನಾಗಿ ಇಳಿಯುತ್ತವೆ. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾಗಿದ್ದ ದಿನಗಳನ್ನು ಲೆಕ್ಕ ಹಾಕಿ ವೈದ್ಯರಿಗೆ ಹೇಳಿ. ಈ ಮೂರು ದಿನ ಔಷಧಿ ಒಳಗೆ ಉಳಿದೇ ಇಲ್ಲದಿರಬಹುದು. ಸ್ಟೀರಾಯ್ಡ್ ಕೂಡ ಹಾಗೆಯೇ ಹೊರಹೋಗಿದ್ದರೆ ಇಂಜೆಕ್ಷನ್ ರೂಪದಲ್ಲಿ ಮತ್ತೆ ಶುರು ಮಾಡಬೇಕಾಗುತ್ತದೆ. ಅದು ನಡೆಯುವಷ್ಟು ದಿನ ಸಕ್ಕರೆ ಏರಬಹುದು, ಹೊಟ್ಟೆ ಉರಿಯಬಹುದು, ಮಲ ಟಾರಿನಂತೆ ಕಪ್ಪಾದರೆ ಕೂಡಲೇ ಹೇಳಬೇಕು.

ಮನೆಗೆ ಬಂದ ಮೇಲೆ ಅದೇ ಬೆಳಗಿನ ತಲೆನೋವು, ವಾಂತಿ, ಮಂಪರು ಮರಳಿದರೆ ಷಂಟ್ ಕಟ್ಟಿಕೊಂಡಿದೆ ಅಂತ ತಿಳಿದು ಅವತ್ತೇ ತೋರಿಸಿ. ಕೊಳವೆಯ ಹಾದಿಯಲ್ಲಿ ಚರ್ಮ ಕೆಂಪಾದರೆ, ಊದಿದರೆ, ಜ್ವರ ಅಥವಾ ಹೊಟ್ಟೆನೋವು ಬಂದರೆ ಸೋಂಕು ಇರಬಹುದು, ಅದಕ್ಕೂ ತಡ ಮಾಡಬೇಡಿ. ಇದರಷ್ಟೇ ಗಮನ ಕಣ್ಣಿನ ಮೇಲೂ ಇರಲಿ. ನೀರಿನ ಒತ್ತಡ, ಬುಡದ ಸ್ರಾವ, ಎಥಾಂಬ್ಯುಟಾಲ್ ಮೂರೂ ದೃಷ್ಟಿಯನ್ನು ಕೆಡಿಸಬಲ್ಲವು. ಮೂರಕ್ಕೂ ಚಿಕಿತ್ಸೆ ಬೇರೆ. ಎಥಾಂಬ್ಯುಟಾಲ್ ಆದರೆ ಆ ಮಾತ್ರೆಯನ್ನು ವೈದ್ಯರು ನಿಲ್ಲಿಸುತ್ತಾರೆ, ಸ್ರಾವವಾದರೆ ಸ್ಟೀರಾಯ್ಡ್ ಏರಿಸುತ್ತಾರೆ, ಒತ್ತಡವಾದರೆ ಷಂಟ್ ನೋಡಬೇಕು. ಪ್ರತಿ ತಿಂಗಳು ಒಂದೊಂದು ಕಣ್ಣು ಮುಚ್ಚಿಸಿ ಪೇಪರಿನ ಸಣ್ಣಕ್ಷರ ಓದಿಸಿ. ಮಾಗಿದ ಕೆಂಪು ಕಾಫಿ ಹಣ್ಣನ್ನೂ ಹಸಿರು ಕಾಯಿಯನ್ನೂ ಕೈಯಲ್ಲಿಟ್ಟು ಬಣ್ಣ ಕೇಳಿ. ಮೊದಲು ಸರಿಯಾಗಿ ಹೇಳುತ್ತಿದ್ದವನು ಕೆಂಪು ಮಂಕಾಗಿದೆ ಅಂದರೆ, ಮುಂದಿನ ತಾರೀಖಿಗೆ ಕಾಯದೆ ಕಣ್ಣಿನ ವೈದ್ಯರಿಗೂ ಟಿಬಿ ಔಷಧಿ ಕೊಡುತ್ತಿರುವ ವೈದ್ಯರಿಗೂ ಅವತ್ತೇ ತೋರಿಸಿ.